ಕೇಳಿದವಳಿಗೆ ಸೊನ್ನೆ

ತರಗತಿಯಲ್ಲಿ ಅವಳಿಗೆ ಡೌಟಕ್ಕ ಅಂತಲೇ ಹೆಸರು. ಅಮ್ಮನ ಕಾಯಿಲೆಗೆ ಒಂದು ವರ್ಷ ಕೊಟ್ಟು ತಡವಾಗಿ ಬಂದವಳಾದ್ದರಿಂದ ಅಕ್ಕ; ಪ್ರತಿ ಪಾಠದ ಕೊನೆಗೂ ಕೈ ಎತ್ತುತ್ತಿದ್ದಳಾದ್ದರಿಂದ ಡೌಟು. ಹೆಸರಿಟ್ಟ ಮಹಾಶಯರೇ ಪರೀಕ್ಷೆ ಹತ್ತಿರ ಬಂದಾಗ ಅವಳನ್ನು ಮುತ್ತಿಕೊಳ್ಳುತ್ತಿದ್ದರು, ಅದು ಬೇರೆ ಮಾತು.

ಕಂಪ್ಯೂಟರ್ ವಿಭಾಗದ ಆ ಕೊನೆಯ ಪರೀಕ್ಷೆ ಮನೆಯಲ್ಲೇ ಕೂತು ಬರೆಯುವಂಥದ್ದು. ಬೆಳಿಗ್ಗೆ ಪ್ರಶ್ನೆಪತ್ರಿಕೆ ವೆಬ್‌ಸೈಟಿಗೆ ಬರುತ್ತದೆ. ಮರುದಿನ ಸಂಜೆಯೊಳಗೆ ಪ್ರೋಗ್ರಾಮುಗಳನ್ನು ಬರೆದು ಅಲ್ಲೇ ಹಾಕಬೇಕು. ಪಾಸಾದರೆ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಅವಳಿಗೆ ಕಾದಿತ್ತು. ಅವಳಮ್ಮ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಾಗಿತ್ತು.

ಮೂರನೇ ಪ್ರಶ್ನೆಗೇ ಅರ್ಧದಷ್ಟು ಅಂಕ. ನೂರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಪ್ರೋಗ್ರಾಂ ಬರೆಯಬೇಕು. ಕೆಳಗೆ ಒಂದು ಸಾಲು: ‘ಪ್ರಮಾಣಿತ ಲೈಬ್ರರಿಗಳನ್ನು ಮಾತ್ರ ಬಳಸತಕ್ಕದ್ದು.’ ಲೈಬ್ರರಿ ಎಂದರೆ ಇಲ್ಲಿ ಯಾರೋ ಮೊದಲೇ ಬರೆದಿಟ್ಟ, ನಾವು ಕರೆದು ಬಳಸಿಕೊಳ್ಳುವ ಕೋಡು. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್; ಅದರ ಜೊತೆಗೇ ಬರುವಂಥವು ಪ್ರಮಾಣಿತ. ದೊಡ್ಡ ಲೆಕ್ಕಗಳನ್ನು ಮಾಡಿಕೊಡುವ ನಂಪೈ ಎಂಬ ಲೈಬ್ರರಿಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಆದ್ದರಿಂದ ಅದು ಹೊರಗಿನದು. ಇದು ಪುಸ್ತಕದ ಮಾತು. ಆದರೆ ಲ್ಯಾಬಿನಲ್ಲಿ ಪ್ರೊಫೆಸರು ವಾರವಾರವೂ ನಂಪೈಯಲ್ಲೇ ಮಾಡಿಸಿದ್ದರು, “ಇದೇ ನಮ್ಮ ಕೋರ್ಸಿನ ಸ್ಟ್ಯಾಂಡರ್ಡು” ಅಂತ ಬೇರೆ ಹೇಳಿದ್ದರು. ಅದಿದ್ದರೆ ಕೆಲಸ ನಾಲ್ಕು ಸಾಲು. ಇಲ್ಲದಿದ್ದರೆ ಇಡೀ ದಿನ ತಿನ್ನುತ್ತದೆ, ಉಳಿದ ಪ್ರಶ್ನೆಗಳಿಗೆ ಎಳ್ಳುನೀರು.

ಡೌಟಕ್ಕ ಕೂಡಲೇ ಪ್ರೊಫೆಸರಿಗೆ ಮೇಲ್ ಬರೆದಳು.

‘ಮಾನ್ಯರೇ, ಮೂರನೇ ಪ್ರಶ್ನೆಯಲ್ಲಿ “ಪ್ರಮಾಣಿತ” ಎಂದರೆ ಪೈಥಾನ್ ಜೊತೆಗೆ ಬರುವ ಲೈಬ್ರರಿಗಳು ಮಾತ್ರವೇ, ಅಥವಾ ಲ್ಯಾಬಿನಲ್ಲಿ ಬಳಸಿದ ನಂಪೈಯೂ ಸೇರುತ್ತದೆಯೇ? ದಯವಿಟ್ಟು ಉತ್ತರವನ್ನು ಎಲ್ಲರಿಗೂ ತಿಳಿಸಿ. ನಾಳೆ ಬೆಳಿಗ್ಗೆಯೊಳಗೆ ಉತ್ತರ ಬಾರದಿದ್ದರೆ, ಲ್ಯಾಬಿನ ಪದ್ಧತಿಯಂತೆ ಸೇರುತ್ತದೆ ಎಂದುಕೊಂಡು ಬರೆಯುತ್ತೇನೆ.’

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಉತ್ತರ ಬರಲಿಲ್ಲ. ಮರುದಿನ ನಂಪೈ ಬಳಸಿಯೇ ಬರೆದು, ಪ್ರೋಗ್ರಾಮಿನ ತಲೆಯ ಮೇಲೆ ಕಾರಣವನ್ನೂ ಟಿಪ್ಪಣಿಯಾಗಿ ಹಾಕಿ ಕಳಿಸಿದಳು. ಇಷ್ಟು ನೇರವಾಗಿ ನಡೆದುಕೊಳ್ಳುವವರಿಗೆ ಈ ಲೋಕದಲ್ಲಿ ಏನಾಗುತ್ತದೋ ಅದೇ ಆಯಿತು.

ಉತ್ತರಗಳನ್ನು ತಿದ್ದಿದ ಸಂಶೋಧನಾ ವಿದ್ಯಾರ್ಥಿ ನಂಪೈ ಕಂಡಲ್ಲೆಲ್ಲ ಸೊನ್ನೆ ಸುತ್ತಿದ್ದ. ಅರ್ಧ ತರಗತಿ ಗುಂಪುಕಟ್ಟಿ ಪ್ರೊಫೆಸರ ಬಾಗಿಲಿಗೆ ಹೋಯಿತು. ಸಂಜೆಗೆ ಎಲ್ಲರ ಅಂಕಗಳೂ ವಾಪಸು ಬಂದವು. ಡೌಟಕ್ಕನದ್ದು ಬಿಟ್ಟು.

ಕಣ್ತಪ್ಪಿರಬೇಕು ಎಂದುಕೊಂಡು ಅವಳು ಪ್ರೊಫೆಸರ ಕೋಣೆಗೆ ಹೋದಳು. ಮೇಜಿನ ಮೇಲಿನ ಪರದೆಯಲ್ಲಿ ಅವಳ ಮೇಲ್ ತೆರೆದಿತ್ತು, ಪಕ್ಕದಲ್ಲಿ ಮುಖ್ಯವೆಂದು ಗುರುತು ಮಾಡಿದ ಒಂದು ಹಳದಿ ನಕ್ಷತ್ರ.

“ಸರ್, ನೀವು ಇದನ್ನ ಓದಿದ್ರಾ?”

“ಅವತ್ತೇ ಓದಿದೆ. ತುಂಬಾ ಒಳ್ಳೆ ಪ್ರಶ್ನೆ ಕಣಮ್ಮ. ಆದ್ರೆ ಪರೀಕ್ಷೆ ನಡೀತಾ ಇರೋವಾಗ ಉತ್ತರ ಕೊಡೋದು ನನ್ನ ಪದ್ಧತಿ ಅಲ್ಲ.”

“ಕೊಡಲ್ಲ ಅಂತಾದ್ರೂ ಹೇಳಬಹುದಿತ್ತಲ್ಲ ಸರ್? ಮತ್ತೆ ಮಿಕ್ಕವರಿಗೆಲ್ಲ ಅಂಕ ಕೊಟ್ರಿ...”

“ಅವರಿಗೆ ಗೊತ್ತಿರಲಿಲ್ಲ. ಒಳ್ಳೆ ಮನಸ್ಸಿಂದ ತಪ್ಪು ತಿಳ್ಕೊಂಡ್ರು.” ಅವರು ಪರದೆಯ ಕಡೆ ಬೆರಳು ತೋರಿಸಿದರು. “ನಿನಗೆ ಅನುಮಾನ ಇತ್ತು. ಬರವಣಿಗೆಯಲ್ಲೇ ಇದೆ. ಅನುಮಾನ ಇದ್ದೂ ಬಳಸಿದೆ. ಅದನ್ನ ಹ್ಯಾಗೆ ಬಿಡಲಿ ಹೇಳು?”

ಅವಳು ಪರೀಕ್ಷಾ ಸಮಿತಿಗೆ ಮೇಲ್ಮನವಿ ಹಾಕಿದಳು. ಸಮಿತಿ ಪ್ರೊಫೆಸರ ಅಭಿಪ್ರಾಯವನ್ನೇ ಕೇಳಿ, ಅದನ್ನೇ ತೀರ್ಪು ಮಾಡಿ ಕೈ ತೊಳೆದುಕೊಂಡಿತು. ಅವಳು ಫೇಲಾದಳು, ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. “ಯಾಕೆ ಕೇಳೋಕೆ ಹೋದೆ, ಎಲ್ಲರ ಹಾಗೆ ಸುಮ್ಮನೆ ಇರಬಾರದಿತ್ತಾ?” ಅಂದರು ಅಮ್ಮ. ಅದಕ್ಕೆ ಅವಳು ಅತ್ತಷ್ಟು ಸೊನ್ನೆಗೂ ಅತ್ತಿರಲಿಲ್ಲ.

ಮುಂದಿನ ವರ್ಷ ಅವಳಿಗೆ ಮತ್ತೆ ಅದೇ ಪರೀಕ್ಷೆ, ಅದೇ ಪ್ರೊಫೆಸರು. ಪ್ರಶ್ನೆಪತ್ರಿಕೆ ಬಂದಾಗ ಡೌಟಕ್ಕ ಹೊಸ ತರಗತಿಯ ಗೆಳತಿಯ ಮನೆಯಲ್ಲಿದ್ದಳು. ಮೊದಲ ಪುಟದಲ್ಲೇ ಸೂಚನೆ: ‘ಪೈಥಾನ್ ಜೊತೆಗೆ ಬರುವ ಲೈಬ್ರರಿಗಳು ಮಾತ್ರವಲ್ಲ, ಲ್ಯಾಬಿನಲ್ಲಿ ಬಳಸಿದ ನಂಪೈಯೂ ಸೇರುತ್ತದೆ.’ ಅವಳದೇ ಮಾತು. ಪ್ರಶ್ನೆಯನ್ನು ಉತ್ತರವಾಗಿ ತಿರುಗಿಸಿದ್ದರು, ಅಷ್ಟೇ.

“ಅಕ್ಕಾ,” ಗೆಳತಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. “ಐದನೇ ಪ್ರಶ್ನೇಲಿ ಚಿತ್ರ ಬಿಡಿಸೋ ಲೈಬ್ರರಿ ಬಳಸಬಹುದೋ ಬಾರದೋ ಹೇಳೇ ಇಲ್ಲ. ನಿಮಗೇನಾದ್ರೂ ಗೊತ್ತಾ? ಸರ್‌ಗೆ ಬರೀತಾ ಇದೀನಿ.”

ಡೌಟಕ್ಕ ಆ ಪ್ರಶ್ನೆಯನ್ನು ಆಗಲೇ ಓದಿದ್ದಳು, ಅವಳಿಗೂ ಅದೇ ಅನುಮಾನ ಬಂದಿತ್ತು. ಕೈ ಚಾಚಿ ಗೆಳತಿಯ ಅರ್ಧ ಬರೆದ ಮೇಲ್ ಅನ್ನು ಅಳಿಸಿದಳು.

“ನಂಗೇನೂ ಡೌಟಿಲ್ಲಪ್ಪ,” ಅಂದಳು. “ನಿಂಗೂ ಇಲ್ಲ.”