ಮ್ಯಾನೇಜರ್ ಹುದ್ದೆ ಬಿಟ್ಟು ಹಾಯಿ ಹೊಲಿಯಲು

ನೊರೀನ್ ಅವರ ಪರದೆ ಅಂಗಡಿಯಲ್ಲಿ ನಾನು ಮ್ಯಾನೇಜರ್. ಹೊಲಿಗೆ ಕೋಣೆಯ ಬಾಗಿಲ ಮೇಲೆ ಹಾಗಂತ ಬರೆದಿದೆ. ಒಳಗಿರುವುದು ಮಾತ್ರ ನಾವಿಬ್ಬರೇ. ಬಟ್ಟೆ ತಂದುಹಾಕುವ ಕ್ರೇಗ್ ಪ್ರತಿ ವಾರ ಕೇಳುತ್ತಾನೆ, "ಏನ್ ಮ್ಯಾನೇಜರಮ್ಮ, ಸೈನ್ಯ ಊಟಕ್ಕೆ ಹೋಗಿದ್ಯಾ?" ನಾನು ತಲೆ ತಗ್ಗಿಸಿ ಸಹಿ ಹಾಕುತ್ತೇನೆ.

ಹದಿನಾರಕ್ಕೆ ಸ್ಕೂಲು ಬಿಟ್ಟಾಗ ನಮ್ಮೂರು ಹೋಬಾರ್ಟಿನಲ್ಲಿ ನನ್ನನ್ನು ಕೆಲಸಕ್ಕೆ ಕರೆದವರು ನೊರೀನ್ ಒಬ್ಬರೇ. ಐದು ವರ್ಷವಾಯಿತು. ಮನೆಯಿಂದ ನಡೆದೇ ಹೋಗಬಹುದು, ರೇಡಿಯೊದಲ್ಲಿ ನನಗಿಷ್ಟವಾದ ಹಾಡು, ಗದರುವವರಿಲ್ಲ. ಆದರೆ ಹೋದ ವರ್ಷ ಹೊಸದಾಗಿ ಏನು ಕಲಿತೆ ಎಂದು ಒಂದು ದಿನ ನೆನೆದುಕೊಂಡೆ. ಏನೂ ಹೊಳೆಯಲಿಲ್ಲ.

ಅದೇ ವಾರ, ನದಿ ದಂಡೆಯಲ್ಲಿ ದೋಣಿಗಳಿಗೆ ಹಾಯಿ ಹೊಲಿಯುವ ಅಂಗಡಿಯೊಂದರ ಜಾಹೀರಾತು ಫೋನಿನಲ್ಲಿ ಕಂಡೆ. ಹುದ್ದೆಯ ಹೆಸರು ಟ್ರೇನಿ. ಮೊದಲ ವರ್ಷ ಸಂಬಳವೂ ಕಡಿಮೆ. ಎರಡು ದಿನ ನುಂಗಿಕೊಂಡು, ಕೊನೆಗೆ ಫೋನನ್ನೇ ನೊರೀನ್ ಮುಂದೆ ಹಿಡಿದೆ.

ಅವರು ಕನ್ನಡಕ ಏರಿಸಿ ಓದಿದರು. "ಮ್ಯಾನೇಜರ್ ಆಗಿದ್ದವಳು ಟ್ರೇನಿ ಆಗ್ತೀಯಾ?"

"ಅದಕ್ಕೇ ಯೋಚನೆ."

"ಹೆಸರು ನೋಡ್ಬೇಡ ಮರಿ. ನಿಂಗೆ ಕೊಡೋಕೆ ನನ್ನ ಹತ್ರ ಮೇಲಿನ ಮೆಟ್ಟಿಲು ಇರ್ಲಿಲ್ಲ, ಅದಕ್ಕೆ ಬಾಗಿಲ ಮೇಲೆ ಆ ಹೆಸರಿನ ಹಲಗೆ ಕೊಟ್ಟೆ." ಫೋನ್ ವಾಪಸು ಕೊಟ್ಟರು. "ಗುರುವಾರ ರಜ ತಗೋ. ಒಂದಿನ ಅವರ ಜೊತೆ ಕೆಲಸ ಮಾಡಿ ನೋಡು. ನಿಂಗಿಂತ ಮೊದಲು ಆ ಜಾಗದಲ್ಲಿ ಯಾರಿದ್ರು, ಈಗೆಲ್ಲಿದ್ದಾರೆ, ಇದೊಂದು ಕೇಳು. ಆಮೇಲೆ, ಯಾರಾದ್ರೂ ತಪ್ಪು ಮಾಡೋವರೆಗೂ ಕಾದು ಎಲ್ಲರ ಮುಖ ನೋಡು. ನೋಡೋದರಲ್ಲಿ ನೀನು ಗಟ್ಟಿಗಿತ್ತಿ."

ಅವರಿಗೆ ಫೋನ್ ಮಾಡಿ ಕೇಳಿ, ಗುರುವಾರ ಹೋದೆ. ಬಾಗಿಲಲ್ಲೇ ಬೂಟು ಬಿಡಬೇಕು. ಹಾಯಿ ಹರಡುವುದು ನೆಲದ ಮೇಲೆ, ಆದ್ದರಿಂದ ಎಲ್ಲರೂ ಕಾಲುಚೀಲದಲ್ಲೇ ಓಡಾಡುತ್ತಾರೆ. ಹೊಲಿಗೆ ಯಂತ್ರಗಳನ್ನೂ ನೆಲದ ಮಟ್ಟಕ್ಕೆ ಬರುವಂತೆ ಹಳ್ಳ ತೋಡಿ ಇಳಿಸಿದ್ದಾರೆ, ಹೊಲಿಯುವವರು ಅದರೊಳಗೆ ಕೂರುತ್ತಾರೆ. ಒಟ್ಟು ಆರು ಜನ. ಯಜಮಾನ ಡೂಗಲ್ ನನಗೆ ಹಾಯಿಬಟ್ಟೆಯ ಎರಡು ಉದ್ದದ ತುಂಡು ತೋರಿಸಿ, "ಇವನ್ನ ಗೆರೆಗೆ ಗೆರೆ ಜೋಡಿಸ್ತಿರು, ಬಂದೆ," ಎಂದು ಫೋನಿಗೆ ಹೋದ.

ಇದು ನನಗೆ ನೀರು ಕುಡಿದ ಹಾಗೆ ಅಂದುಕೊಂಡೆ. ಪರದೆ ಹೊಲಿಯುವವಳ ಕೈ. ಜೇಬಿನಿಂದ ಗುಂಡುಪಿನ್ನು ತೆಗೆದು ಸಾಲಾಗಿ ಚುಚ್ಚಿದೆ. ಹನ್ನೊಂದನೆಯದಕ್ಕೆ ಹೊಲಿಗೆ ಯಂತ್ರಗಳು ನಿಂತವು.

ಹಳ್ಳದೊಳಗಿಂದ ಟೊಂಗಾ ದ್ವೀಪದ ಹೆಂಗಸೊಬ್ಬಳು, ಅಲ್ಲಿ ಎಲ್ಲರಿಗೂ ಲೂಪೆ ಅಕ್ಕ, ಎದ್ದು ಬಂದಳು. ಪಿನ್ನು ಕಿತ್ತು ತುಂಡನ್ನು ಬೆಳಕಿಗೆ ಹಿಡಿದಳು. ಪರದೆ ಬಟ್ಟೆಯಲ್ಲಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಇದು ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಯಿಬಟ್ಟೆ, ತೂತು ಬಿದ್ದರೆ ಬಿದ್ದದ್ದೇ. ಹನ್ನೊಂದು ತೂತೂ ಹೊಲಿಗೆಯಲ್ಲಿ ಮುಚ್ಚಿಹೋಗದಂತೆ ಗೆರೆಯಿಂದ ಒಳಗೆ ಬಿದ್ದು, ನಕ್ಷತ್ರದ ಹಾಗೆ ಹೊಳೆಯುತ್ತಿದ್ದವು. ಬೂಟು ಎಲ್ಲಿದೆ ಎಂದು ಕಣ್ಣು ಹುಡುಕಿತು.

"ಇಲ್ಲಿ ಪಿನ್ನು ಮುಟ್ಟಬಾರದು, ಎರಡು ಬದಿ ಅಂಟೋ ಟೇಪೇ ಹಾಕಬೇಕು ಅಂತ ಈ ಹುಡುಗಿಗೆ ಯಾರು ಹೇಳಿದ್ರಿ?" ಲೂಪೆ ಅಕ್ಕ ಕೇಳಿದಳು.

ಡೂಗಲ್ ಫೋನಿಟ್ಟು ಕೈ ಎತ್ತಿದ. "ನಾನು ಹೇಳ್ಬೇಕಿತ್ತು."

"ಹಾಗಾದ್ರೆ ತಪ್ಪು ನಿಂದು. ಟೀಗೆ ಕೇಕ್ ನೀನೇ ತರ್ಬೇಕು."

"ಅಯ್ಯೋ, ಯಜಮಾನ ನಾನು ಕಣಮ್ಮ!"

"ಯಜಮಾನನ ಕೇಕು ದೊಡ್ಡದಾಗಿರ್ಲಿ," ಎಂದು ಇನ್ನೊಂದು ಹಳ್ಳದಿಂದ ದನಿ ಬಂತು.

ಆ ತುಂಡನ್ನು ಸಣ್ಣದಾಗಿ ಕತ್ತರಿಸಿ ಹಾಯಿಯ ಮೂಲೆಗಳಿಗೆ ಬಲಕ್ಕೆಂದು ಹಾಕುವ ಪದರಕ್ಕೆ ಎತ್ತಿಟ್ಟರು. ಲೂಪೆ ಅಕ್ಕ ಪಕ್ಕದಲ್ಲೇ ಮಂಡಿಯೂರಿ, ಟೇಪನ್ನು ಎಳೆಯದೆ ಅಂಟಿಸುವುದನ್ನು ಮೂರು ಸಲ ತೋರಿಸಿದಳು. ನಾಲ್ಕನೆಯ ಸಲ ನನ್ನ ಕೈಗೆ ಬಂತು.

ಟೀ ಹೊತ್ತಿಗೆ ಎಲ್ಲರೂ ಒಂದೇ ಮೇಜಿಗೆ ಬಂದರು. ಹೇಗೋ ಬಾಯಿ ಬಿಟ್ಟೆ. "ನನಗಿಂತ ಮೊದಲು ಟ್ರೇನಿ ಯಾರಿದ್ರು?"

"ಇಗೋ, ಇವನೇ," ಡೂಗಲ್ ಪಕ್ಕದವನ ಬೆನ್ನು ತಟ್ಟಿದ. "ನಾಲ್ಕು ವರ್ಷಕ್ಕೆ ಸರ್ಟಿಫಿಕೇಟ್ ಬಂತು, ಈಗ ಹಾಯಿ ಕತ್ತರಿಸೋದು ಇವನೇ. ಇವನಿಗಿಂತ ಮೊದಲಿದ್ದವಳು ಕೆಟರಿಂಗ್ ಅನ್ನೋ ಊರಲ್ಲಿ ಸ್ವಂತ ಹಾಯಿ ಅಂಗಡಿ ಇಟ್ಟಿದ್ದಾಳೆ. ನನ್ನ ಗಿರಾಕಿಗಳನ್ನೂ ಎಳ್ಕೊಂಡು ಹೋದ್ಲು, ಕಳ್ಳಿ." ಹಾಗೆನ್ನುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. ಅದನ್ನೂ ನೋಡಿಕೊಂಡೆ. ಸಂಜೆ ಹೊರಡುವಾಗ ಅವನೇ, ಕೆಲಸ ನಿಂದೇ, ಬಂದುಬಿಡು ಎಂದ.

ಮರುದಿನ ನೊರೀನ್‌ಗೆ ಎಲ್ಲ ಹೇಳಿದೆ. "ತಪ್ಪು ಯಾರು ಮಾಡಿದ್ರು?" ಎಂದರು. "ನಾನೇ," ಎಂದೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಕ್ಕಾದ ಮೇಲೂ ನೀರು ನಿಲ್ಲಲಿಲ್ಲ.

"ಯಾವತ್ತಿಂದ ಹೋಗ್ತೀಯಾ?"

"ಎರಡು ವಾರ ಬಿಟ್ಟು. ಇಲ್ಲಿಗೆ ಯಾರಾದ್ರೂ ಸಿಕ್ಕಿದ್ರೆ ಕಲಿಸಿಟ್ಟೇ ಹೋಗ್ತೀನಿ."

"ಹಾಗಾದ್ರೆ ಜಾಹೀರಾತು ನೀನೇ ಬರಿ. ನಂಗೆ ಬರೆಯೋಕೆ ಬರಲ್ಲ."

ನನಗೂ ಬರುವುದಿಲ್ಲ. ಮಧ್ಯಾಹ್ನದವರೆಗೆ ಕೂತು ಹೀಗೆ ಬರೆದೆ: ಪರದೆ ಹೊಲಿಗೆ ಕಲಿಯಲು ಒಬ್ಬರು ಬೇಕು. ಸ್ಕೂಲು ಮುಗಿಸದಿದ್ದರೂ ಬನ್ನಿ. ಜೊತೆಗೆ ಇರುವುದು ಒಬ್ಬರೇ, ಅವರು ಎಲ್ಲವನ್ನೂ ಕಲಿಸುತ್ತಾರೆ. ಕಲಿಸಲು ಇನ್ನೇನೂ ಉಳಿಯದ ದಿನ ನಿಮ್ಮನ್ನು ಅವರೇ ಕಳಿಸಿಕೊಡುತ್ತಾರೆ.

ನೊರೀನ್ ಓದಿ, ಒಂದಕ್ಷರವನ್ನೂ ತಿದ್ದದೆ, ಕಿಟಕಿಗೆ ಅಂಟಿಸಿದರು.