ಕನ್ನಡಿಯಲ್ಲಿ ಕಂಡ ಕಾವಲಿ

ಮೊಟ್ಟೆ ಅಕ್ಕನ ಕೈಗೇನೂ ಆಗಿರಲಿಲ್ಲ, ಕೈಕೊಟ್ಟದ್ದು ಮಂಡಿ. ಬಹಳ ಹೊತ್ತು ನಿಲ್ಲಬಾರದೆಂದು ವೈದ್ಯರು ಹೇಳಿದ ಮೇಲೆ, ಬಸ್ ನಿಲ್ದಾಣದೆದುರಿನ ತನ್ನ ಆಮ್ಲೆಟ್ ಗಾಡಿಯ ಒಲೆಯನ್ನು ವೆಲ್ಡಿಂಗ್ ಮಾಡುವ ಮೈದುನನಿಂದ ತಗ್ಗಿಸಿಕೊಂಡು, ಸ್ಟೂಲಿನ ಮೇಲೆ ಕೂತೇ ಬೇಯಿಸತೊಡಗಿದಳು. ಗಿರಾಕಿಗಳಿಗೆ ಎಣ್ಣೆ ಸಿಡಿಯದಂತೆ ಮುಂದೊಂದು ತಗಡಿನ ಮರೆ. ಆ ಮರೆಯ ಹಿಂದೆ ಅವಳ ಕೈಚಳಕ ಎಲೆಮರೆಯ ಕಾಯಿಯಾಯಿತು. ಹಸಿದವರು ಬಿಸಿ ಕಾವಲಿ ಕಣ್ಣಿಗೆ ಬೀಳುವ ಕಡೆಗೇ ಹೋದರು.

“ಯಾಕೆ ಒದ್ದಾಡ್ತೀಯಕ್ಕ? ಗಾಡಿ ನನಗೇ ಕೊಟ್ಬಿಡು,” ಎಂದ ಪಕ್ಕದ ಗಾಡಿಯ ಬನ್ನಿನವನು.

ಈ ವಾರವೂ ಹೀಗೇ ಆದರೆ ಕೊಟ್ಟುಬಿಡೋಣವೆಂದು ಮನೆಯಲ್ಲೂ ಮಾತಾಗಿತ್ತು. ಆಮೇಲೆ ದಿನವಿಡೀ ಗೋಡೆ ನೋಡಿಕೊಂಡು ಕೂರುವುದು ಅಕ್ಕನಿಂದ ಆಗದ ಮಾತಾಗಿತ್ತು.

ಅಂದು ಎದುರಿನ ಕ್ಷೌರದಂಗಡಿಗೆ ತಟ್ಟೆ ಕೊಡಲು ಹೋದಾಗ, ಕ್ಷೌರಿಕ ಗಿರಾಕಿಯ ತಲೆಯ ಹಿಂದೆ ಕನ್ನಡಿ ಹಿಡಿದು ಅವನ ಕತ್ತನ್ನು ಅವನಿಗೇ ತೋರಿಸುತ್ತಿದ್ದ. ಅಕ್ಕ ಬಾಗಿಲಲ್ಲೇ ನಿಂತಳು. ಕಾಣದ ಕತ್ತನ್ನು ಕಾಣಿಸುವ ಕನ್ನಡಿ ಕಾಣದ ಕಾವಲಿಯನ್ನೂ ಕಾಣಿಸಬಾರದೇಕೆ?

ಕ್ಷೌರಿಕನ ಅಟ್ಟದಲ್ಲಿದ್ದ ಹಳೆಯ ಕನ್ನಡಿಯೇ ಗಾಡಿಗೆ ಬಂತು. ಒಡೆದರೂ ಚೂರು ಉದುರದಂತೆ ಮೈದುನ ಅದರ ಬೆನ್ನಿಗೆ ದಪ್ಪ ಅಂಟುಹಾಳೆ ಹಚ್ಚಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಅಕ್ಕನ ತಲೆಯ ಮೇಲೆ ಮುಂದಕ್ಕೆ ವಾಲಿಸಿ ನಿಲ್ಲಿಸಿದ. ರಸ್ತೆಯಲ್ಲಿ ನಿಂತವರಿಗೆ ಇಡೀ ಕಾವಲಿ ಮೇಲಿನಿಂದ ಕಾಣಬೇಕು.

ಕಂಡದ್ದು ಬರೀ ಮಂಜು. ಈರುಳ್ಳಿ ಬಿದ್ದೊಡನೆ ಎದ್ದ ಹಬೆಗೆ ಕನ್ನಡಿ ಕುರುಡಾಯಿತು.

“ಅಂಗೈ ಹುಣ್ಣಿಗೇ ಕನ್ನಡಿ ಬೇಡ ಅಂತಾರೆ, ನೀನು ಆಮ್ಲೆಟ್ಟಿಗೆ ಕಟ್ಟಿದ್ದೀಯಲ್ಲಕ್ಕ!” ಬನ್ನಿನವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಕ್ಕನ ಮುಖ ಇಳಿದುಹೋಯಿತು. ಕ್ಷೌರಿಕ ಮಾತ್ರ ರಸ್ತೆ ದಾಟಿ ಸೋಪು ಹಿಡಿದುಕೊಂಡೇ ಬಂದ. “ಬಿಸಿನೀರಿನ ಪಕ್ಕ ನನ್ನ ಕನ್ನಡಿ ಬದುಕೋದು ಹೇಗೆ ಅಂದ್ಕೊಂಡೆ ತಾಯಿ?” ಎನ್ನುತ್ತ ಕನ್ನಡಿಗೆ ತೆಳ್ಳಗೆ ಸೋಪು ಸವರಿ, ಒಣಬಟ್ಟೆಯಿಂದ ಹೊಳೆಯುವವರೆಗೆ ಒರೆಸಿದ. ಮೈದುನ ಚೌಕಟ್ಟನ್ನು ಹಬೆಯ ದಾರಿಯಿಂದ ಒಂದಿಷ್ಟು ಹಿಂದಕ್ಕೆ ಸರಿಸಿದ.

ಅಕ್ಕ ಮತ್ತೆ ಮೊಟ್ಟೆ ಒಡೆದಳು. ಕನ್ನಡಿಯಲ್ಲಿ ಹಳದಿ ಹುಣ್ಣಿಮೆ ಹರಡಿತು. ಅಂಚು ಗರಿಗರಿಯಾಗಿ ಎದ್ದದ್ದೇ ತಡ, ಹಾಡಿನ ಪಲ್ಲವಿಗೆ ಮರಳುವಂತೆ ಅವಳ ಮಣಿಕಟ್ಟು ಒಮ್ಮೆ ತಿರುಗಿತು; ಆಮ್ಲೆಟ್ಟು ಮೂರು ಮಡಿಕೆಯಾಗಿ ಕೂತಿತು.

“ಅಕ್ಕಾ, ಇನ್ನೊಂದ್ಸಲ!” ರಸ್ತೆಯಲ್ಲಿ ಅಪ್ಪನ ಹೆಗಲೇರಿದ್ದ ಪುಟ್ಟ ಮಗುವೊಂದು ಕೂಗಿತು.

“ತಿಂದ್ರೆ ಮಾತ್ರ ಕಂದಾ! ಬರೀ ನೋಡೋಕಾದ್ರೆ ನಿಮ್ಮಪ್ಪನ ಗಡ್ಡ ನೋಡು.”

ಬಸ್ಸಿಗೆ ಓಡುತ್ತಿದ್ದವರು ನಿಂತರು. ಹಿಂದಿನವರು ಕತ್ತು ಚಾಚದೆಯೇ ನೋಡಿದರು, ನೋಡಿದವರು ಕೇಳಿದರು, ಕೇಳಿದವರು ಸಾಲಾದರು. ಸಂಜೆಯಾಗುವುದರೊಳಗೆ ಮೈದುನ ಮೊಟ್ಟೆ ತರಲು ಎರಡು ಸಲ ಸೈಕಲ್ ತುಳಿದ. ವಾರವಿಡೀ ಅದೇ ಜಾತ್ರೆ.

ವಾರದ ಕೊನೆಗೆ ಬನ್ನಿನವನು ಜನರ ನಡುವೆ ನುಸುಳಿ ಬಂದ. “ಅಕ್ಕ, ಒಂದು ಮಾತು...”

“ಗಾಡಿ ವಿಷಯಾನಾ?”

“ಅಯ್ಯೋ ಬಿಡಕ್ಕ! ಹಸಿವು.”

“ಹಾಗಾದ್ರೆ ಸಾಲಲ್ಲಿ ಬಾರಪ್ಪ. ಬರ್ತಾ ನಾಲ್ಕು ಬನ್ನೂ ತಗೊಂಡ್ಬಾ, ಇಲ್ಲಿ ಎಲ್ಲರೂ ಕೇಳ್ತಿದಾರೆ!”