ಕೆಂಪು ಗೆರೆಯ ಹಾಳೆ

ಮೈಕು ಕೈಗೆ ಸಿಕ್ಕಿದ ಗಂಡಸು ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಚರ್ಚಾಸ್ಪರ್ಧೆ ಕಲಿಸಿದವಳು ನಾನು, ಅನುಭವದಿಂದಲೇ ಹೇಳುತ್ತೇನೆ. ಅದಕ್ಕೇ ನನ್ನ ಗೆಳತಿ ನೋಲೀನ್ ಕಡಲ ರಕ್ಷಣಾ ದಳದ ಹೊಸ ಬೋಟಿನ ಸಮಾರಂಭಕ್ಕೆ ಭಾಷಣ ಬರೆದುಕೊಂಡು ನಮ್ಮ ಮನೆಗೆ ಬಂದ ದಿನವೇ ನಾನು ಅವಳ ಮುಂದೆ ಬಣ್ಣದ ಪೆನ್ಸಿಲ್ ಇಟ್ಟಿದ್ದೆ.

"ನಿನ್ನದು ಕೊನೇ ಭಾಷಣ ಕಣೇ. ನಿನ್ನ ಮುಂಚೆ ಮೂರು ಜನ ಗಂಡಸರು ಇದ್ದಾರೆ. ನಿಂಗೆ ಕೊಟ್ಟಿರೋ ಟೈಮನ್ನ ಅವರು ನುಂಗಿ ನೀರು ಕುಡೀತಾರೆ. ಈಗಲೇ ಗುರುತು ಹಾಕ್ಕೋ."

ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ, ಒಂದೇ ಮಗ್ಗುಲಲ್ಲಿ ಬರಹ. ಹಾಳೆ ತೆಗೆದರೆ ವಿಷಯ ಪೂರ್ತಿ ಹೋಗಬೇಕು, ಕೇಳುವವರಿಗೆ ತೂತು ಕಾಣಬಾರದು. ಏನೇ ಆದರೂ ಹೇಳಲೇಬೇಕಾದದ್ದಕ್ಕೆ ಕೆಂಪು ಗೆರೆ. ಸಮಯವಿದ್ದರೆ ಹೇಳುವುದಕ್ಕೆ ಹಸಿರು. ಮೊದಲು ಬಲಿಕೊಡಬೇಕಾದದ್ದಕ್ಕೆ ನೀಲಿ. ದಾನಿಗಳ ಹೆಸರುಗಳಿಗೆ ನೀಲಿ ಹಾಕಿಸಿದಾಗ ದಳದ ಅಧ್ಯಕ್ಷ ಮರ್ವ್ ಟಾಲ್‌ಹರ್ಸ್ಟ್ ಸಿಟ್ಟಿನಿಂದ ಕುಣಿದಾಡಿಬಿಟ್ಟ. ಬೋಟಿನ ಶೆಡ್ಡಿನ ಗೋಡೆ ಮೇಲೆ ದೊಡ್ಡ ಹಲಗೆಯಲ್ಲಿ ಅವು ಇವೆಯಲ್ಲ, ಜನ ಚಹಾ ಕುಡಿಯುತ್ತ ಓದಿಕೊಳ್ಳಲಿ ಎಂದು ಅವನ ಬಾಯಿ ಮುಚ್ಚಿಸಿದೆ.

ಕೆಂಪು ಬಿದ್ದದ್ದು ಎರಡೇ ಹಾಳೆಗೆ. ಮೊದಲನೆಯದು ಎಲ್ಲರಿಗೂ ನಮಸ್ಕಾರ. ಕೊನೆಯದು ಲೈಲ್‌ಗೆ.

ಲೈಲ್ ಪ್ರಾಸರ್ ನಮ್ಮ ಮಲೆಟ್ ಪಾಯಿಂಟ್‌ನ ಕಡಲ ರಕ್ಷಣಾ ದಳದ ಬೋಟು ನಡೆಸುವವನು. ಸಂಬಳವಿಲ್ಲದ ಕೆಲಸ. ಮೂರು ವರ್ಷದ ಹಿಂದೆ ನೋಲೀನಳ ಗಂಡ ರಾಸ್, ಮಗ ಜ್ಯಾರಡ್ ಇಬ್ಬರೂ ಮೀನಿಗೆ ಹೋಗಿದ್ದಾಗ ಅಳಿವೆ ಬಾಯಲ್ಲಿ ದೋಣಿ ಮಗುಚಿತು. ಲೈಲ್ ರಾಸ್‌ನನ್ನು ಎತ್ತಿ ತಂದ. ಜ್ಯಾರಡ್ ಅವತ್ತು ಸಿಗಲಿಲ್ಲ. ಅಂದಿನಿಂದ ಲೈಲ್ ನೋಲೀನಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅವಳು ಬೇಕರಿಗೆ ಹೊಕ್ಕರೆ ಇವನು ಬ್ರೆಡ್ ಇಲ್ಲದೆಯೇ ಹೊರಗೆ ಬರುತ್ತಿದ್ದ. ಅವಳು ಅವನ ಮನೆಗೆ ಹೋದರೆ ಹಿತ್ತಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದ, ಕಾಗದ ಬರೆದರೆ ಉತ್ತರವಿಲ್ಲ. ಹೊಸ ಬೋಟು ನೀರಿಗಿಳಿಸುವ ದಿನ ಮಾತ್ರ ಅವನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ಅವತ್ತು ಬಿಟ್ರೆ ಇನ್ಯಾವತ್ತೂ ಇಲ್ಲ, ಗ್ಲೆನಿಸ್," ಎಂದಿದ್ದಳು. "ಅವನ ಎದುರಿಗೇ ಹೇಳ್ಬೇಕು. ಕೊನೇಗೆ ಇಟ್ಕೊತೀನಿ. ಅತ್ತುಬಿಟ್ರೂ ಆಮೇಲೆ ಹೇಳೋದು ಏನೂ ಉಳಿದಿರಬಾರ್ದು."

ನನಗೂ ಅದು ಸರಿಯೆನ್ನಿಸಿತು. ಉಬ್ಬರವನ್ನು ಇಬ್ಬರೂ ಮರೆತಿದ್ದೆವು. ಸಮುದ್ರದ ದಡದಲ್ಲೇ ಹುಟ್ಟಿ ಬೆಳೆದವರು ನಾವು, ನಾಚಿಕೆಗೇಡು!

ಬೋಟು ಇಳಿಸುವ ನಮ್ಮ ಇಳಿಜಾರು ಗಿಡ್ಡ, ಅದರ ತುದಿಯಲ್ಲಿ ಕೆಸರು. ಹೊಸ ಬೋಟು ಭಾರ. ನೀರಿನಲ್ಲಿ ನೆಟ್ಟ ಕಂಬದ ಮೇಲಿನ ಬಿಳಿ ಗುರುತಿಗೆ ಉಬ್ಬರದ ನೀರು ಮುಟ್ಟಿದಾಗಲೇ ಬೋಟು ಹೊತ್ತ ಟ್ರೇಲರನ್ನು ಇಳಿಸಬೇಕು. ಇಳಿತ ಶುರುವಾದರೆ ಚಕ್ರ ಹೂತಂತೆಯೇ. ಟ್ರ್ಯಾಕ್ಟರ್ ನಡೆಸುವವನು ಲೈಲ್. ಗುರುತು ಮುಳುಗಿದ ಕೂಡಲೇ ಅವನು ಕೈ ಎತ್ತುತ್ತಾನೆ. ಆಗ ಪಾದ್ರಿ ಪ್ರಾರ್ಥನೆ ಮಾಡುತ್ತಿದ್ದರೂ ನಿಲ್ಲಿಸಬೇಕು, ಅದು ಇಲ್ಲಿನ ಪದ್ಧತಿ.

ಬೋಟು ಇಳಿಸುವ ಆ ಶನಿವಾರ ಈ ನೆಲದ ಮೂಲಜನರ ಹಿರಿಯಾಕೆ ಪದ್ಧತಿಯಂತೆ ಮೊದಲು ಎಲ್ಲರನ್ನೂ ಸ್ವಾಗತಿಸಿದರು. ಹೇಳಬೇಕಾದ್ದನ್ನು ಹೇಳಿ ಕೂತರು. ಇಡೀ ಬೆಳಿಗ್ಗೆ ಸಮಯ ಪಾಲಿಸಿದವರು ಅವರೊಬ್ಬರೇ. ಮೇಯರ್ ರಸ್ತೆಗಳ ಬಗ್ಗೆ ಮಾತಾಡಿದ. ಸಂಸತ್ತಿನ ಸದಸ್ಯ ತನ್ನ ಬಗ್ಗೆ ಮಾತಾಡಿದ. ಮರ್ವ್ ಎದ್ದು "ನಾನು ಜಾಸ್ತಿ ಟೈಮ್ ತಗೊಳ್ಳಲ್ಲ" ಎಂದಾಗಲೇ ಇವನು ಬೇಗ ಕೂರುವುದಿಲ್ಲವೆಂದು ನನಗೆ ಗೊತ್ತಾಯಿತು.

ನೋಲೀನ್ ಬಿಳಿ ಗುರುತನ್ನೇ ನೋಡುತ್ತಿದ್ದಳು. ನೀಲಿ ಗೆರೆಯ ಹಾಳೆಗಳನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ದಾನಿಗಳು ಹೋದರು, ಹಳೇ ಬೋಟಿನ ಚರಿತ್ರೆ ಹೋಯಿತು. ಮರ್ವ್ ತಾನು ಹಿಡಿದ ಯಾವುದೋ ಮೀನಿನ ಕಥೆಗೆ ಇಳಿದಿದ್ದ. ಹಸಿರಿನ ಸರದಿ ಬಂತು. ದುಡ್ಡು ಕೂಡಿಸಲು ನಾವು ಕೇಕ್ ಮಾರಿದ್ದು ಹೋಯಿತು. ಇನ್ನೊಂದು ಹಸಿರು ಹಾಳೆಯನ್ನು ಅವಳು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು ಆಮೇಲೆ ಕೊಟ್ಟಳು. ಅದು ಜ್ಯಾರಡ್‌ನ ಬಾಲ್ಯದ್ದು.

"ಬೇಗ ಬೇಗ ಓದ್ಬಿಡ್ಲಾ?" ಎಂದು ಪಿಸುಗುಟ್ಟಿದಳು.

"ಬೇಡ. ಓಡಬೇಡ, ಬಿಡು. ಇರೋ ಎರಡನ್ನ ನಿಧಾನಕ್ಕೆ ಹೇಳು. ಟೈಮಿಲ್ಲ ಅಂತ ಗೊಣಗೋಕೂ ಹೋಗ್ಬೇಡ, ಅದಕ್ಕೂ ಟೈಮ್ ಬೇಕು."

ಮರ್ವ್ ಕೊನೆಗೂ ಅವಳ ಹೆಸರು ಕರೆದ. ಅವಳು ಏಳುವುದಕ್ಕೂ ಲೈಲ್ ಕೈ ಎತ್ತುವುದಕ್ಕೂ ಸರಿಹೋಯಿತು. ಕೈ ಇಳಿಸಿದವನೇ ಬೆನ್ನು ತಿರುಗಿಸಿ ಟ್ರ್ಯಾಕ್ಟರಿನತ್ತ ನಡೆದ. ಎಂಜಿನ್ ಶುರುವಾದರೆ ಮುಗಿಯಿತು, ಆಮೇಲೆ ಅವಳು ಏನು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ.

ನೋಲೀನ್ ಕೈಯಲ್ಲಿದ್ದ ಎರಡು ಹಾಳೆಗಳನ್ನು ನೋಡಿದಳು. ನಮಸ್ಕಾರದ ಹಾಳೆಯನ್ನೂ ನನ್ನ ಮಡಿಲಿಗೆ ಹಾಕಿ ಮೈಕಿನ ಮುಂದೆ ನಿಂತಳು. ಮೇಯರ್‌ಗೂ ನಮಸ್ಕಾರವಿಲ್ಲ, ಸದಸ್ಯನಿಗೂ ಇಲ್ಲ.

"ಲೈಲ್, ಸ್ಟಾರ್ಟ್ ಮಾಡ್ಬೇಡ."

ಅವನು ಸೀಟಿನಲ್ಲಿ ಕೂತಾಗಿತ್ತು. "ನೀರು ಕಾಯಲ್ಲ, ನೋಲೀನ್," ಎಂದ. ಮೂರು ವರ್ಷದಲ್ಲಿ ಅವಳ ಜೊತೆ ಆಡಿದ ಮೊದಲ ಮಾತು!

"ಗೊತ್ತು. ನಾನೂ ಕಾಯಿಸಲ್ಲ. ಒಂದೇ ಹಾಳೆ ಇದೆ."

ಮರ್ವ್ ಏನೋ ಹೇಳಲು ಎದ್ದ. ನಾನು ಅವನ ಕೋಟು ಹಿಡಿದು ಕೂರಿಸಿದೆ.

"ಅವತ್ತು ಬೋಟನ್ನ ಯಾವ ಕಡೆ ತಿರುಗಿಸ್ಬೇಕು ಅಂತ ನೀನೊಬ್ಬನೇ ನಿರ್ಧಾರ ಮಾಡ್ಬೇಕಾಯ್ತು," ಎಂದಳು ನೋಲೀನ್. ದನಿ ಒಂದಿಷ್ಟೂ ಅವಸರಪಡಲಿಲ್ಲ. "ರಾಸ್ ಕಣ್ಣಿಗೆ ಬಿದ್ದ, ರಾಸ್‌ನ ಎತ್ತಿದೆ. ಇಲ್ಲಿ ಮುಂದೆ ಕೂತಿದಾನೆ ನೋಡು. ದಿನಾ ಬೆಳಿಗ್ಗೆ ಟೋಸ್ಟ್ ಸುಟ್ಟು ನನ್ನ ಹತ್ರ ಬೈಸ್ಕೊತಾನೆ. ಆ ಸುಟ್ಟ ಟೋಸ್ಟ್ ನೀನು ಕೊಟ್ಟಿದ್ದು. ಆಮೇಲೆ, ಹುಡುಕೋದು ಸಾಕು ಅಂತ ಮೇಲಿನವರು ಹೇಳಿದ ಮೇಲೂ ನಿನ್ನ ಸ್ವಂತ ದೋಣೀಲಿ ದಿನಾ ಹೋದೆ. ಜ್ಯಾರಡ್‌ನ ನಂಗೆ ತಂದ್ಕೊಟ್ಟೆ. ಹೂವಿಡೋಕೆ ನಂಗೊಂದು ಜಾಗ ಇದೆ ಅಂದ್ರೆ ಅದು ನಿನ್ನಿಂದ. ನೀನು ನಮ್ಮ ಮನೇಗೆ ಇಬ್ಬರನ್ನೂ ಕರ್ಕೊಂಬಂದೆ ಲೈಲ್, ಒಬ್ಬರನ್ನಲ್ಲ. ಇಬ್ಬರನ್ನೂ ತಂದಿದ್ದಕ್ಕೆ ಥ್ಯಾಂಕ್ಸ್. ಅಷ್ಟೇ. ಈಗ ಸ್ಟಾರ್ಟ್ ಮಾಡು."

ಹಾಳೆಯಲ್ಲಿದ್ದದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೈಲ್ ತಲೆ ತಗ್ಗಿಸಿ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಆಮೇಲೆ ಕೀ ತಿರುಗಿಸಿದ. ಬೋಟು ಹಿಂಬದಿಯಿಂದ ನೀರಿಗಿಳಿದು ತೇಲಿತು. ಆಗ ಬಿತ್ತು ಚಪ್ಪಾಳೆ. ನಾನಂತೂ ಅಳುತ್ತಲೇ ತಟ್ಟಿದೆ.

ಶೆಡ್ಡಿನಲ್ಲಿ ಚಹಾ ನಡೆದಿತ್ತು. ಹೆಂಗಸರೆಲ್ಲ ಮನೆಯಿಂದ ತಿಂಡಿ ತುಂಬಿದ ತಟ್ಟೆ ತಂದಿದ್ದೆವು. ಲೈಲ್ ಮೊಣಕಾಲಿನವರೆಗೆ ಒದ್ದೆಯಾಗಿ ಬಂದ. ನೋಲೀನ್ ಮಾಡಿದ್ದ, ಕೊಬ್ಬರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕ್ ಒಂದನ್ನು ತೆಗೆದುಕೊಂಡು ಅವಳೂ ರಾಸೂ ಕೂತಿದ್ದ ಬೆಂಚಿನ ತುದಿಯಲ್ಲಿ ಕೂತ. ಅದನ್ನು ತಿಂದು ಮುಗಿಸಿ ಬೆರಳಿಗಂಟಿದ ಕೊಬ್ಬರಿ ಕೊಡವಿದ.

"ಗ್ಲೆನಿಸ್ ಮಡಿಲಲ್ಲಿ ಬಹಳ ಹಾಳೆ ಇದ್ವಲ್ಲ," ಎಂದ ಕೊನೆಗೆ. "ಏನಿತ್ತು ಅದರಲ್ಲಿ?"

"ದಾನಿಗಳ ಹೆಸರು," ಎಂದೆ ನಾನು. "ಹಲಗೆ ಮೇಲಿದೆ, ಓದ್ಕೋ."

"ಅದಲ್ಲ. ಇವಳು ಒಂದನ್ನ ಕೊಡೋಕೆ ಮನಸ್ಸಿಲ್ದೆ ಹಿಡ್ಕೊಂಡಿದ್ಲು. ಅಲ್ಲಿಂದ ನೋಡ್ತಿದ್ದೆ."

ನಾನು ಚೀಲದಿಂದ ಆ ಹಸಿರು ಗೆರೆಯ ಹಾಳೆ ಹುಡುಕಿ ನೋಲೀನ್ ಕೈಗೆ ಕೊಟ್ಟೆ. ಅವಳು ಓದಿದಳು. ಎಂಟು ವರ್ಷದ ಜ್ಯಾರಡ್ ಇದೇ ಶೆಡ್ಡಿನಲ್ಲಿ ಲೈಲ್ ಹತ್ತಿರ ಹಗ್ಗದ ಗಂಟು ಕಲಿತದ್ದು, ಮನೆಗೆ ಬಂದು ಅಡುಗೆಮನೆಯ ಕುರ್ಚಿಗಳನ್ನೆಲ್ಲ ಒಂದಕ್ಕೊಂದು ಬಿಗಿದು ರಾತ್ರಿಯೂಟಕ್ಕೆ ಎಲ್ಲರನ್ನೂ ನೆಲದ ಮೇಲೆ ಕೂರಿಸಿದ್ದು. ಓದಿ ಮುಗಿಸುವಷ್ಟರಲ್ಲಿ ರಾಸ್ ನಗುತ್ತಿದ್ದ.

"ಎಡಗೈಯವನು," ಎಂದ ಲೈಲ್. "ನಾನು ಎಷ್ಟು ಹೇಳಿದ್ರೂ ಉಲ್ಟಾನೇ ಹಾಕ್ತಿದ್ದ. ಆದ್ರೆ ಜ್ಯಾರಡ್ ಹಾಕಿದ ಗಂಟು ಒಂದೂ ಬಿಚ್ಕೊಂಡಿಲ್ಲ, ನೋಲೀನ್."

ಜ್ಯಾರಡ್ ಎಂಬ ಹೆಸರು ಅವನ ಬಾಯಿಂದ ಬಂದು ಮೂರು ವರ್ಷವಾಗಿತ್ತು. ನೋಲೀನ್ ತಟ್ಟೆಯನ್ನು ಅವನತ್ತ ಸರಿಸಿದಳು. ಅವನು ಇನ್ನೊಂದು ತೆಗೆದುಕೊಂಡ.